ಲೇತ್ ಟ್ರೈನಿ ಬೇಕಾಗಿದ್ದಾರೆ: ಒಂದು ಚೀಟಿ ಬರೆಯುವ ಮುನ್ನ

ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ, ಬೆಂಗಳೂರಿನ ಪೀಣ್ಯ. ಕೈಗಾರಿಕಾ ವಸಾಹತು ಯಾವುದೇ ಇರಲಿ, ಗೇಟಿಗೆ ಅಂಟಿಸಿದ ಚೀಟಿಗಳು ಮಾತ್ರ ಹೆಚ್ಚುಕಡಿಮೆ ಒಂದೇ ಕೈ ಬರೆದಂತಿರುತ್ತವೆ. ‘ಬೇಕಾಗಿದ್ದಾರೆ. ಲೇತ್ ಟ್ರೈನಿ. ಎಸ್ಸೆಸ್ಸೆಲ್ಸಿ ಅಥವಾ ಐಟಿಐ. ಅನುಭವ ಇದ್ದವರಿಗೆ ಆದ್ಯತೆ. ಆಕರ್ಷಕ ಸಂಬಳ. ಕೂಡಲೇ ಸಂಪರ್ಕಿಸಿ.’ ಕೆಳಗೊಂದು ಮೊಬೈಲ್ ನಂಬರು. ಬಿಸಿಲಿಗೆ ಅಕ್ಷರ ಮಾಸುವವರೆಗೂ ಚೀಟಿ ಅಲ್ಲೇ ಇರುತ್ತದೆ. ಒಳಗೆ ಮಾಲೀಕರು ‘ಈಗಿನ ಹುಡುಗರಿಗೆ ಕೆಲಸ ಕಲಿಯೋ ಮನಸ್ಸೇ ಇಲ್ಲ’ ಎನ್ನುತ್ತಿರುತ್ತಾರೆ. ಹೊರಗೆ, ಕುಂದಗೋಳದಿಂದಲೋ ಕಲಘಟಗಿಯಿಂದಲೋ ಬಂದ ಹುಡುಗ ಅದನ್ನು ಓದಿ ಮುಂದೆ ಹೋಗಿರುತ್ತಾನೆ.

ಅವನು ಮುಂದೆ ಹೋಗಿದ್ದಕ್ಕೆ ಕಾರಣ ಇದೆ. ಕಲಿಯಲು ಬರುವವನನ್ನು ಕರೆಯುವ ಚೀಟಿಯಲ್ಲೇ ಅನುಭವ ಇದ್ದವರಿಗೆ ಆದ್ಯತೆ ಎಂದಿದ್ದರೆ, ಅನುಭವ ಇಲ್ಲದವನು ತನ್ನನ್ನು ಕರೆದಿಲ್ಲ ಎಂದೇ ತಿಳಿಯುತ್ತಾನೆ. ಅನುಭವ ಇದ್ದವನು ಟ್ರೈನಿ ಪಗಾರಕ್ಕೆ ಬರುವುದಿಲ್ಲ. ಆಕರ್ಷಕ ಸಂಬಳ ಎಂಬುದನ್ನು ಓದಿದ ಎಲ್ಲರಿಗೂ ಅದರ ಅರ್ಥ ಗೊತ್ತು: ಹೇಳಿಕೊಳ್ಳುವಷ್ಟು ಇಲ್ಲ. ಇಷ್ಟಾದರೂ ಫೋನುಗಳು ಬರುತ್ತವೆ. ಮಾತು ಹೀಗೆ ಸಾಗುತ್ತದೆ: ‘ಸರ, ಪಗಾರ ಎಷ್ಟ ರೀ?’ ‘ನೀ ಮೊದಲ ಬಾ ತಮ್ಮಾ, ಬಂದ ಮ್ಯಾಲ ಮಾತಾಡೋಣು.’ ಫೋನ್ ಅಲ್ಲಿಗೆ ಮುಗಿಯುತ್ತದೆ. ಬಸ್ ಚಾರ್ಜು ಹಾಕಿಕೊಂಡು, ಒಂದು ದಿನದ ಹೊಲದ ಕೆಲಸ ಬಿಟ್ಟು, ಎಷ್ಟು ಕೊಡುತ್ತಾರೆಂದು ತಿಳಿಯದ ಜಾಗಕ್ಕೆ ಯಾರೂ ಬರುವುದಿಲ್ಲ.

ಹಾಗಾದರೆ ಚೀಟಿಯಲ್ಲಿ ಏನಿರಬೇಕು? ಇದನ್ನು ನೋಡಲು ಉದಾಹರಣೆಗೆ ಒಂದು ವರ್ಕ್‌ಶಾಪನ್ನು ಕಲ್ಪಿಸಿಕೊಳ್ಳೋಣ. ಗೋಕುಲ ರಸ್ತೆಯ ಒಂದು ಶೆಡ್ಡು. ಮೂರು ಸಾದಾ ಲೇತು, ಒಂದು ಸಿಎನ್‌ಸಿ, ಒಂದು ಡ್ರಿಲ್ಲಿಂಗ್ ಮಷಿನ್ನು, ಮೂಲೆಯಲ್ಲಿ ಬೆಂಚ್ ಗ್ರೈಂಡರು. ಮಾಲೀಕರನ್ನು ಬಿಟ್ಟು ಏಳು ಜನ. ಮುಖ್ಯ ಕೆಲಸ ಪಂಪಿನ ಶಾಫ್ಟು ತಿರುಗಿಸುವುದು. ಹಿರಿಯ ಟರ್ನರ್ ಇನ್ನೆರಡು ವರ್ಷಕ್ಕೆ ಬಿಡುತ್ತಾರೆ. ಅವರು ಇರುವಾಗಲೇ ಒಬ್ಬ ತಯಾರಾಗಬೇಕು. ಮಾಲೀಕರಿಗೆ ಟ್ರೈನಿ ಬೇಕಾಗಿರುವುದು ಇದಕ್ಕೆ.

ಇಲ್ಲಿ ಒಂದು ತೊಡಕು ಇದೆ. ಬಹುತೇಕ ಚೀಟಿಗಳು ಖಾಲಿ ಖಾಲಿ ಎನಿಸುವುದು ಬರೆಯಲು ಬಾರದೆ ಅಲ್ಲ; ಬರುವ ಹುಡುಗನಿಗೆ ಮೊದಲ ವಾರ ಏನು ಕೊಡಬೇಕು, ಆರನೇ ತಿಂಗಳಿಗೆ ಅವನು ಏನು ಮಾಡುತ್ತಿರಬೇಕು ಎಂದು ಮಾಲೀಕರೇ ನಿರ್ಧರಿಸಿರುವುದಿಲ್ಲ. ನಿರ್ಧರಿಸದಿದ್ದರೆ ಏನಾಗುತ್ತದೆ ಎಂಬುದು ಈ ಕಸುಬಿನಲ್ಲಿ ಎಲ್ಲರೂ ಕಂಡದ್ದೇ. ಹುಡುಗ ಚಿಪ್ಸ್ ಗುಡಿಸುತ್ತಾನೆ, ಚಹಾ ತರುತ್ತಾನೆ, ಜಾಬುಗಳನ್ನು ಟ್ರೇಗೆ ಜೋಡಿಸುತ್ತಾನೆ, ಸಿಎನ್‌ಸಿ ಬಾಗಿಲು ತೆಗೆದು ಹಾಕುತ್ತಾನೆ. ನಾಲ್ಕು ತಿಂಗಳಾದರೂ ಇದೇ ಕೆಲಸ. ಐದನೇ ತಿಂಗಳು ಪಕ್ಕದ ಶೆಡ್ಡಿನಲ್ಲಿ ಐನೂರು ರೂಪಾಯಿ ಹೆಚ್ಚು ಕೊಡುತ್ತಾರೆಂದರೆ ಹೋಗಿಬಿಡುತ್ತಾನೆ. ಇಲ್ಲಿ ಅವನನ್ನು ಹಿಡಿದಿಡುವಂಥದ್ದು ಏನೂ ಇರಲಿಲ್ಲ.

ಟ್ರೈನಿಗೆ ಕೆಲಸ ಕೊಡಲು ಮಾಲೀಕರು ಹಿಂಜರಿಯುವುದಕ್ಕೂ ಗಟ್ಟಿ ಕಾರಣವಿದೆ. ಪಂಪ್ ಶಾಫ್ಟಿನ ಮೇಲೆ ಬೇರಿಂಗ್ ಕೂರುವ ಜಾಗವನ್ನೇ ನೋಡಿ. ಡ್ರಾಯಿಂಗಿನಲ್ಲಿ 25 ಮಿ.ಮೀ. h6 ಎಂದು ಬರೆದಿದ್ದರೆ, ಅಲ್ಲಿನ ವ್ಯಾಸ 25.000 ಮಿ.ಮೀ.ಗಿಂತ ಹೆಚ್ಚಾಗಬಾರದು, 24.987ಕ್ಕಿಂತ ಕಡಿಮೆಯಾಗಬಾರದು. ನಡುವಿನ ಅವಕಾಶ ಒಂದು ಮಿಲಿಮೀಟರಿನ ಸಾವಿರದಲ್ಲಿ ಹದಿಮೂರು ಪಾಲು. ತಲೆಗೂದಲಿನ ದಪ್ಪ ಇದರ ಐದು ಪಟ್ಟಿನಷ್ಟಿರುತ್ತದೆ. ವ್ಯಾಸ ಹೆಚ್ಚಿದ್ದರೆ ಇನ್ನೊಂದು ಕಟ್ ಹೊಡೆಯಬಹುದು. ಒಮ್ಮೆ ಕಡಿಮೆಯಾಯಿತೋ, ಮುಖ ಹೊಡೆದು, ಸೆಂಟರ್ ಹಾಕಿ, ಎಲ್ಲ ಮೆಟ್ಟಿಲು ತಿರುಗಿಸಿ ಮುಗಿಸಿದ ಶಾಫ್ಟು ಗುಜರಿಗೆ ಹೋಗುತ್ತದೆ. ಕೊನೆಯ ಕಟ್ಟನ್ನು ಹೊಸಬನ ಕೈಗೆ ಯಾರೂ ಕೊಡದಿರುವುದು ಇದಕ್ಕಾಗಿ.

ಆದರೆ ಅದೇ ಶಾಫ್ಟಿನಲ್ಲಿ ಹೊಸಬನಿಗೆ ಕೊಡಬಹುದಾದ ಕೆಲಸ ಬೇಕಾದಷ್ಟಿದೆ. ರಾಡನ್ನು ಚಕ್ಕಿಗೆ ಕಟ್ಟಿ ಮುಖ ಹೊಡೆಯುವುದು, ಸೆಂಟರ್ ಡ್ರಿಲ್ ಹಾಕುವುದು, ಬೇರಿಂಗ್ ಜಾಗದಲ್ಲಿ ಅರ್ಧ ಮಿಲಿಮೀಟರ್ ಉಳಿಸಿ ಉಳಿದದ್ದನ್ನು ರಫ್ ಆಗಿ ತಿರುಗಿಸುವುದು. ಇಲ್ಲಿ ಹತ್ತು ಪಾಯಿಂಟ್ ಆಚೀಚೆ ಆದರೂ ಜಾಬ್ ಹಾಳಾಗುವುದಿಲ್ಲ, ಕೈ ಮಾತ್ರ ಪಳಗುತ್ತದೆ. ಹಿರಿಯ ಟರ್ನರ್ ಫಿನಿಶಿಂಗ್ ಮಾಡುವಾಗ ಟ್ರೈನಿ ಪಕ್ಕದಲ್ಲಿ ನಿಂತು ಮೈಕ್ರೋಮೀಟರಿನಲ್ಲಿ ಓದಿ ಹೇಳಬೇಕು, ಟರ್ನರ್ ತಾವೂ ಓದಿ ತಾಳೆ ನೋಡಬೇಕು. ಇಬ್ಬರ ಓದು ವಾರಗಟ್ಟಲೆ ಹೊಂದಿಕೊಂಡು ಬಂದಮೇಲೆ ಫಿನಿಶ್ ಕಟ್ ಅವನಿಗೆ ಬಿಡಬಹುದು. ನಮ್ಮ ಮಾಲೀಕರು ಹಿರಿಯ ಟರ್ನರ್ ಜೊತೆ ಕೂತು ಇದನ್ನೇ ತಿಂಗಳುವಾರು ಬರೆದುಕೊಂಡರು ಎನ್ನೋಣ. ಮೊದಲ ತಿಂಗಳು ಅಳತೆ, ಡ್ರಾಯಿಂಗು, ಸುರಕ್ಷತೆ, ಜೊತೆಗೆ ಸ್ವಚ್ಛತೆ. ಎರಡನೇ ತಿಂಗಳಿನಿಂದ ಸಾದಾ ಲೇತಿನಲ್ಲಿ ರಫ್ ಕೆಲಸ. ಐದನೇ ತಿಂಗಳಿಗೆ ಟೂಲ್ ಗ್ರೈಂಡಿಂಗು, ಚೂಡಿ ಹೊಡೆಯುವುದು. ಎಂಟರಿಂದ ಸಿಎನ್‌ಸಿಯಲ್ಲಿ ಟೂಲ್ ಆಫ್‌ಸೆಟ್ ಮತ್ತು ಸೆಟ್ಟಿಂಗು. ಈ ನಾಲ್ಕು ಸಾಲು ಕಾಗದದ ಮೇಲೆ ಬಂದರೆ ಚೀಟಿಯ ಅರ್ಧ ತಾನೇ ಸಿದ್ಧವಾದಂತೆ.

ಉಳಿದ ಅರ್ಧದಲ್ಲಿ ದೊಡ್ಡದು ದುಡ್ಡು, ಅದರ ಹಿಂದೆಯೇ ಕಾನೂನು.

ಟ್ರೈನಿ ಎಂದು ಕರೆದ ಮಾತ್ರಕ್ಕೆ ಯಾರನ್ನೂ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಲು ಬರುವುದಿಲ್ಲ. ಇದು ಸಣ್ಣ ವರ್ಕ್‌ಶಾಪುಗಳಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಕಡಿಮೆ ಮೊತ್ತದ ಸ್ಟೈಪೆಂಡ್ ಕೊಟ್ಟು ಕಲಿಸಲು ಇರುವ ಸರಿಯಾದ ದಾರಿ 1961ರ ಅಪ್ರೆಂಟಿಸ್ ಕಾಯ್ದೆ. ಅದರಡಿ ಮಾಲೀಕರಿಗೂ ಕಲಿಯುವವನಿಗೂ ಒಂದು ಒಪ್ಪಂದವಾಗಿ, ಸರ್ಕಾರದ ಅಪ್ರೆಂಟಿಸ್ ಪೋರ್ಟಲ್ಲಿನಲ್ಲಿ ನೋಂದಣಿ ಆಗಬೇಕು. ಆಗ ಮಾತ್ರ ಅವನು ಕಾನೂನಿನ ಕಣ್ಣಿನಲ್ಲಿ ಕಾರ್ಮಿಕನಲ್ಲ, ಕಲಿಕಾರ್ಥಿ. ನೋಂದಣಿ ಇಲ್ಲದೆ ಇಟ್ಟುಕೊಂಡರೆ, ಚೀಟಿಯಲ್ಲಿ ಏನೇ ಬರೆದಿರಲಿ, ಅವನು ಕೆಲಸಗಾರನೇ. ಅವನಿಗೆ ಸಲ್ಲಬೇಕಾದ್ದೆಲ್ಲ ಸಲ್ಲಬೇಕು. 30 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನರಿರುವ ಕಡೆ ಅದು ಮಾಲೀಕರ ಇಷ್ಟ. ಏಳು ಜನರ ನಮ್ಮ ಶೆಡ್ಡಿಗೆ ಹೀಗೆ ಬಾಗಿಲು ತೆರೆದೇ ಇದೆ.

2019ರಲ್ಲಿ ತಿದ್ದಿದ ನಿಯಮಗಳು ಕನಿಷ್ಠ ಸ್ಟೈಪೆಂಡನ್ನು ಓದಿನ ಮಟ್ಟಕ್ಕೆ ತಕ್ಕಂತೆ ನಿಗದಿ ಮಾಡಿದವು. ಹತ್ತನೇ ತರಗತಿ ಪಾಸಾದವರಿಗೆ ತಿಂಗಳಿಗೆ 6,000 ರೂಪಾಯಿ, ಐಟಿಐ ಮುಗಿಸಿದವರಿಗೆ 7,000. ಈ ದರಗಳು ಆಗಾಗ ಪರಿಷ್ಕರಣೆಗೆ ಬರುವುದರಿಂದ ಚೀಟಿ ಬರೆಯುವ ದಿನ ಪೋರ್ಟಲ್ಲಿನಲ್ಲಿ ಒಮ್ಮೆ ನೋಡಿಕೊಳ್ಳಬೇಕು. ಇದು ಕನಿಷ್ಠ ಮಾತ್ರ, ಹೆಚ್ಚು ಕೊಡಲು ಅಡ್ಡಿಯಿಲ್ಲ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಡಿ ಕೇಂದ್ರ ಸರ್ಕಾರ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಭರಿಸುತ್ತದೆ. ನಮ್ಮ ಮಾಲೀಕರು ಐಟಿಐ ಹುಡುಗನಿಗೆ 9,000 ಎಂದು ನಿಗದಿ ಮಾಡಿದರೆ ಅವರ ಕೈಯಿಂದ ಹೋಗುವುದು 7,500. ಆದರೆ ಅವರ ನಿಜವಾದ ಖರ್ಚು ಇದಲ್ಲ. ಹಿರಿಯ ಟರ್ನರ್ ದಿನಕ್ಕೆ ಒಂದು ತಾಸು ಮಷಿನ್ನು ಬಿಟ್ಟು ಕಲಿಸುತ್ತಾರಲ್ಲ, ಆ ತಾಸಿನಲ್ಲಿ ಆಗದ ಜಾಬುಗಳೇ ಖರ್ಚು. ಲೆಕ್ಕದಲ್ಲಿ ಇದನ್ನು ಮೊದಲೇ ಹಿಡಿಯದ ಮಾಲೀಕರು ಆರ್ಡರ್ ಜಾಸ್ತಿಯಾದ ವಾರವೇ ಕಲಿಸುವುದನ್ನು ನಿಲ್ಲಿಸುತ್ತಾರೆ.

ಒಂಬತ್ತು ಸಾವಿರ ದೊಡ್ಡ ಮೊತ್ತವಲ್ಲ. ಬೈಕಿನ ಮೇಲೆ ಊಟ ಹಂಚುವ ಕೆಲಸಕ್ಕೆ ಸೇರಿದರೆ ಹುಡುಗ ಇದಕ್ಕಿಂತ ಹೆಚ್ಚು ನೋಡಬಹುದು. ಅದಕ್ಕಾಗಿಯೇ ಮೊತ್ತವನ್ನು ಮುಚ್ಚಿಡಬಾರದು. ಮೊತ್ತ ಕಂಡು ಬಿಟ್ಟುಹೋಗುವವರು ಮೊದಲ ದಿನವೇ ಬಿಟ್ಟುಹೋಗುವುದು ಇಬ್ಬರಿಗೂ ಒಳ್ಳೆಯದು. ಮೊತ್ತವನ್ನೂ ಅದರ ಪಕ್ಕದಲ್ಲಿ ತಿಂಗಳುವಾರು ಕಲಿಕೆಯನ್ನೂ ಒಟ್ಟಿಗೆ ಓದಿ, ಮನೆಯಲ್ಲಿ ಅಪ್ಪನ ಜೊತೆ ಮಾತಾಡಿ ಬರುವವನೇ ಈ ಚೀಟಿಗೆ ಬೇಕಾದವನು.

ವರ್ಷ ಮುಗಿದ ಮೇಲೆ ಏನು? ಇದು ಪ್ರತಿ ಹುಡುಗನ ಮನಸ್ಸಿನಲ್ಲಿ ಇರುತ್ತದೆ, ಕೇಳಲು ಹಿಂಜರಿಯುತ್ತಾನೆ. ಅಪ್ರೆಂಟಿಸ್‌ಗೆ ಕೆಲಸ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ತಮ್ಮ ನೀತಿ ಏನೆಂದು ಮಾಲೀಕರು ನಿರ್ಧರಿಸಿಕೊಳ್ಳಬೇಕೆಂದು ಹೇಳುತ್ತದೆ. ನಮ್ಮ ಶೆಡ್ಡಿನಲ್ಲಿ ಒಂದು ಜಾಗ ನಿಜವಾಗಿಯೂ ಖಾಲಿಯಾಗಲಿದೆ. ಹಾಗಿದ್ದರೆ ಬರೆಯಬೇಕು. ಜಾಗ ಇಲ್ಲದ ವರ್ಕ್‌ಶಾಪಿನವರು ಅದನ್ನೂ ಬರೆಯಬೇಕು. ಭರವಸೆ ಕೊಟ್ಟು ವರ್ಷದ ಕೊನೆಗೆ ಕೈ ಎತ್ತಿದರೆ, ಮುಂದಿನ ವರ್ಷ ಆ ಊರಿನಿಂದ ಯಾರೂ ಬರುವುದಿಲ್ಲ.

ಕಷ್ಟವನ್ನು ಬರೆಯಲು ಅನೇಕರು ಹೆದರುತ್ತಾರೆ. ಲೇತ್ ಕೆಲಸ ದಿನವಿಡೀ ನಿಂತು ಮಾಡುವ ಕೆಲಸ. ಶಬ್ದ ಇರುತ್ತದೆ, ಕೂಲಂಟಿನ ವಾಸನೆ ಬಟ್ಟೆಯಿಂದ ಸುಲಭಕ್ಕೆ ಹೋಗುವುದಿಲ್ಲ, ಬಿಸಿ ಚಿಪ್ಸ್ ಆಗೊಮ್ಮೆ ಈಗೊಮ್ಮೆ ಕೈಗೆ ಸಿಡಿಯುತ್ತದೆ. ಇದನ್ನು ಚೀಟಿಯಲ್ಲಿ ಓದಿ ಬಂದವನು ಮೂರನೇ ದಿನ ಕಾಲು ನೋವೆಂದು ಬಿಡುವುದಿಲ್ಲ. ಕಾಲು ನೋಯುತ್ತದೆಂದು ಗೊತ್ತಿದ್ದೇ ಬಂದಿರುತ್ತಾನೆ. ಸುರಕ್ಷತೆಯ ಮಾತೂ ಇಲ್ಲೇ ಬರಬೇಕು. ತಿರುಗುವ ಲೇತಿನ ಮುಂದೆ ಕೈಗವಸು ಹಾಕಬಾರದು, ತೋಳು ಸಡಿಲವಾಗಿರಬಾರದು, ಚಕ್ ಕೀಲಿಯನ್ನು ಚಕ್ಕಿನಲ್ಲಿ ಬಿಟ್ಟು ಮಷಿನ್ನು ಚಾಲು ಮಾಡಬಾರದು, ಚಿಪ್ಸನ್ನು ಕೊಕ್ಕೆಯಿಂದ ತೆಗೆಯಬೇಕೇ ಹೊರತು ಕೈಯಿಂದಲ್ಲ. ಅಪ್ರೆಂಟಿಸ್‌ಗೆ ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದ್ದೇ. ಏಳು ಜನರ ಶೆಡ್ಡಿಗೆ ಸಾಮಾನ್ಯವಾಗಿ ಇಎಸ್‌ಐ ಇರುವುದಿಲ್ಲ, ಆದ್ದರಿಂದ ಅಪಘಾತ ವಿಮೆ ಮಾಡಿಸಿ, ಮಾಡಿಸಿದ್ದೇವೆಂದು ಬರೆಯಬೇಕು. ವಯಸ್ಸು 18 ತುಂಬಿರಬೇಕೆಂದು ಬರೆಯುವುದೂ ಇದೇ ಕಾರಣಕ್ಕೆ.

ಊರಿನವರೇ ಬೇಕು ಎನ್ನುವುದಕ್ಕೆ ಅಭಿಮಾನಕ್ಕಿಂತ ಲೆಕ್ಕವೇ ಮುಖ್ಯ. ಒಂಬತ್ತು ಸಾವಿರದಲ್ಲಿ ರೂಮಿನ ಬಾಡಿಗೆ, ಖಾನಾವಳಿ ಖರ್ಚು ಕಳೆದರೆ ದೂರದಿಂದ ಬಂದವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮನೆಯಲ್ಲಿ ಉಂಡು ಬಸ್ಸಿನಲ್ಲಿ ಬರುವವನಿಗೆ ಉಳಿಯುತ್ತದೆ, ಅವನು ವರ್ಷ ಪೂರೈಸುತ್ತಾನೆ. ಆದರೆ ಸ್ಥಳೀಯರಿಗೆ ಆದ್ಯತೆ ಎಂದು ಬರೆದರೆ ಸಾಲದು. ಕುಂದಗೋಳದ ಬಸ್ಸು ಹಿಡಿದು ಬರುವವನು ಎಷ್ಟು ಹೊತ್ತಿಗೆ ಗೇಟಿನಲ್ಲಿರಬಲ್ಲ ಎಂದು ಮಾಲೀಕರು ಕೇಳಿ ತಿಳಿದು, ಅದಕ್ಕೆ ಹೊಂದುವಂತೆ ಹೊತ್ತು ಇಟ್ಟರೆ ಅದು ನಿಜವಾದ ಆದ್ಯತೆ. ಸಂಜೆ ಬಿಡುವ ಹೊತ್ತಿಗೂ ಇದೇ ಮಾತು. ಅಪ್ರೆಂಟಿಸ್‌ರಿಂದ ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸಲು ಕಾಯ್ದೆಯೇ ಒಪ್ಪುವುದಿಲ್ಲವಾದ್ದರಿಂದ ಬಿಡುವ ಹೊತ್ತನ್ನು ಧೈರ್ಯವಾಗಿ ಬರೆಯಬಹುದು.

ಹೆಣ್ಣುಮಕ್ಕಳ ವಿಷಯವನ್ನು ಈ ಚೀಟಿಗಳು ಮರೆತೇಬಿಡುತ್ತವೆ. ಐಟಿಐಗಳಲ್ಲಿ ಟರ್ನರ್, ಫಿಟ್ಟರ್ ಕಲಿತ ಹುಡುಗಿಯರು ಇದ್ದಾರೆ. ಸಿಎನ್‌ಸಿ ಸೆಟ್ಟಿಂಗಿಗೆ ತೋಳ್ಬಲಕ್ಕಿಂತ ಅಳತೆಯ ಎಚ್ಚರ ಮುಖ್ಯ. ಆದರೆ ಹುಡುಗರು ಬೇಕು ಎಂದಿರುವ ಚೀಟಿಯನ್ನು ಅವರು ತಮಗಲ್ಲವೆಂದು ಬಿಡುತ್ತಾರೆ. ಅವರನ್ನೂ ಕರೆಯುವುದಾದರೆ ಬೀಗ ಹಾಕಿಕೊಳ್ಳಬಹುದಾದ ಪ್ರತ್ಯೇಕ ಶೌಚಾಲಯ ಮೊದಲು ಆಗಬೇಕು, ಚೀಟಿ ಆಮೇಲೆ.

ಇಷ್ಟು ನಿರ್ಧಾರವಾದ ಮೇಲೆ ಬರೆದ ಚೀಟಿ ಹೀಗಿರಬಹುದು:

‘ಪಂಪ್ ಶಾಫ್ಟ್ ತಯಾರಿಸುವ ನಮ್ಮ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಕಲಿಯಲು ಒಬ್ಬರು ಬೇಕು. ಐಟಿಐ ಟರ್ನರ್ ಅಥವಾ ಫಿಟ್ಟರ್ ಪಾಸಾಗಿರಬೇಕು. ವಯಸ್ಸು 18 ತುಂಬಿರಬೇಕು. ಅನುಭವ ಬೇಕಿಲ್ಲ. ಹುಡುಗಿಯರೂ ಬರಬಹುದು, ಪ್ರತ್ಯೇಕ ಶೌಚಾಲಯ ಇದೆ. ಅವಧಿ ಒಂದು ವರ್ಷ, ಅಪ್ರೆಂಟಿಸ್ ಕಾಯ್ದೆಯ ಒಪ್ಪಂದದಂತೆ. ತಿಂಗಳಿಗೆ 9,000 ರೂಪಾಯಿ, ಬ್ಯಾಂಕ್ ಖಾತೆಗೆ. ಅಪಘಾತ ವಿಮೆ ಇದೆ. ಮೊದಲ ತಿಂಗಳು ಅಳತೆ, ಡ್ರಾಯಿಂಗ್, ಸ್ವಚ್ಛತೆ. ಎರಡನೇ ತಿಂಗಳಿನಿಂದ ಲೇತ್. ಐದನೇ ತಿಂಗಳಿನಿಂದ ಟೂಲ್ ಗ್ರೈಂಡಿಂಗ್, ಚೂಡಿ. ಎಂಟನೇ ತಿಂಗಳಿನಿಂದ ಸಿಎನ್‌ಸಿ ಸೆಟ್ಟಿಂಗ್. ದಿನವಿಡೀ ನಿಂತು ಮಾಡುವ ಕೆಲಸ. ಶಬ್ದ, ಎಣ್ಣೆ ಇರುತ್ತದೆ. ಬೆಳಿಗ್ಗೆ 9ರಿಂದ ಸಂಜೆ 5.30, ಭಾನುವಾರ ರಜೆ. ವರ್ಷದ ನಂತರ ಒಂದು ಟರ್ನರ್ ಜಾಗ ಖಾಲಿ ಇರುತ್ತದೆ. ಕೆಲಸ ನೋಡಿ ಕೊಡಲಾಗುವುದು. ಠೇವಣಿ ಇಲ್ಲ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದಿಲ್ಲ. ಮನೆಯವರನ್ನು ಕರೆದುಕೊಂಡು ಬಂದು ನೋಡಬಹುದು. ಶನಿವಾರ ಮಧ್ಯಾಹ್ನ 3ರಿಂದ 5.’

ಠೇವಣಿ ಮತ್ತು ಅಂಕಪಟ್ಟಿಯ ಸಾಲು ಸಣ್ಣದಾಗಿ ಕಂಡರೂ ಮನೆಯವರು ಎರಡು ಸಲ ಓದುವ ಸಾಲು ಅದೇ. ಬಿಟ್ಟುಹೋಗದಂತೆ ಮೂಲ ಅಂಕಪಟ್ಟಿಯನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವವರು ಇದ್ದಾರೆ. ಕೆಲಸ ಕೊಡಿಸುತ್ತೇವೆಂದು ನೋಂದಣಿ ಶುಲ್ಕ ಕಿತ್ತು ಮಾಯವಾಗುವವರೂ ಇದ್ದಾರೆ. ಎರಡರಲ್ಲೊಂದನ್ನು ಅನುಭವಿಸಿದ ಮನೆ ಪ್ರತಿ ಊರಿನಲ್ಲೂ ಸಿಗುತ್ತದೆ. ಕೆಲಸ ಹುಡುಕುವವರಿಗೂ ಇದೇ ಅಳತೆಗೋಲು: ಸೇರುವ ಮುಂಚೆ ದುಡ್ಡು ಕೇಳಿದರೆ, ಮೂಲ ದಾಖಲೆ ಕೇಳಿದರೆ, ಒಪ್ಪಂದದ ಪ್ರತಿ ಕೈಗೆ ಕೊಡದಿದ್ದರೆ, ಅಲ್ಲಿಂದ ಎದ್ದು ಬರುವುದು ಲೇಸು.

ಈ ಚೀಟಿಯನ್ನು ಗೇಟಿಗೆ ಅಂಟಿಸಿದರಷ್ಟೇ ಸಾಲದು. ಗೇಟಿನ ಮುಂದೆ ಓಡಾಡುವವರು ಆಗಲೇ ಎಲ್ಲೋ ಕೆಲಸದಲ್ಲಿರುವವರು. ಐಟಿಐಯ ಟರ್ನರ್ ವಿಭಾಗದ ಬೋಧಕರ ಕೈಗೆ ಒಂದು ಪ್ರತಿ ಕೊಟ್ಟು ಹತ್ತು ನಿಮಿಷ ಮಾತಾಡಿದರೆ, ಯಾವ ಹುಡುಗ ಫೈಲಿಂಗ್ ಬೆಂಚಿನ ಮುಂದೆ ತಾಳ್ಮೆಯಿಂದ ನಿಲ್ಲುತ್ತಿದ್ದ ಎಂಬುದು ಅವರಿಗೇ ಗೊತ್ತಿರುತ್ತದೆ. ಅಂತಿಮ ಪರೀಕ್ಷೆ ಮುಗಿಯುವುದಕ್ಕೆ ಒಂದೆರಡು ತಿಂಗಳ ಮೊದಲೇ ಹೋಗಬೇಕು. ಆಮೇಲೆ ಹೋದರೆ ಚಲೋ ಹುಡುಗರು ದೊಡ್ಡ ಕಾರ್ಖಾನೆಗಳ ಪಾಲಾಗಿರುತ್ತಾರೆ. ಸುತ್ತಲಿನ ಊರುಗಳಲ್ಲಿ ಹಾಲಿನ ಡೈರಿ, ಬಸ್ ನಿಲ್ದಾಣದ ಪಕ್ಕದ ಚಹಾ ಅಂಗಡಿ, ಊರಿನ ವಾಟ್ಸಾಪ್ ಗುಂಪು. ಅಲ್ಲಿ ಓದುವವರು ಹೆಚ್ಚಾಗಿ ಅಪ್ಪ, ಅಣ್ಣ, ಸೋದರಮಾವ. ಚೀಟಿ ಅವರಿಗೂ ಅರ್ಥವಾಗುವಂತಿರಬೇಕು.

ಇಂಥ ಚೀಟಿಗೆ ಫೋನು ಕಡಿಮೆ ಬರುತ್ತವೆ. ಕೇಳಬೇಕಾದ್ದೆಲ್ಲ ಅದರಲ್ಲೇ ಇದೆಯಲ್ಲ. ಬರುವವರು ಶನಿವಾರ ನೇರ ಶೆಡ್ಡಿಗೆ ಬರುತ್ತಾರೆ, ಮೂವರೋ ನಾಲ್ವರೋ. ಅವರಲ್ಲಿ ಯಾರನ್ನು ಆರಿಸಬೇಕೆಂಬುದನ್ನು ಅಂಕಪಟ್ಟಿ ಪೂರ್ತಿ ಹೇಳುವುದಿಲ್ಲ. ಹಿರಿಯ ಟರ್ನರ್ ಒಂದು ಹಳೆಯ ಶಾಫ್ಟನ್ನೂ ಒಂದು ವರ್ನಿಯರನ್ನೂ ಕೈಗಿಟ್ಟು, ಇದರ ವ್ಯಾಸ ಹೇಳು ಎಂದರೆ ಸಾಕು. ಆ ಶಾಫ್ಟನ್ನು ಅವರು ಬೇಕೆಂದೇ ಆರಿಸಿರುತ್ತಾರೆ. ಒಂದು ತುದಿಯಲ್ಲಿ 24.98, ಇನ್ನೊಂದು ತುದಿಯಲ್ಲಿ 24.90, ಟೇಪರ್ ಬಂದಿರುವ ಶಾಫ್ಟು. ಒಬ್ಬ ನಡುವೆ ಒಂದೇ ಕಡೆ ಹಿಡಿದು ಓದಿ ಉತ್ತರ ಹೇಳುತ್ತಾನೆ. ಇನ್ನೊಬ್ಬ ಮೊದಲು ವರ್ನಿಯರಿನ ಎರಡೂ ದವಡೆ ಮುಚ್ಚಿ ಸೊನ್ನೆ ಸರಿ ಇದೆಯೇ ನೋಡುತ್ತಾನೆ, ಆಮೇಲೆ ಮೂರು ಕಡೆ ಹಿಡಿಯುತ್ತಾನೆ, ‘ಸರ, ಈ ಕಡೆ ಕಡಿಮಿ ಬರಾಕತ್ತೈತ್ರಿ’ ಎನ್ನುತ್ತಾನೆ. ಓದಿದ ಅಂಕಿ ಎರಡು ಪಾಯಿಂಟ್ ತಪ್ಪಿದ್ದರೂ ಪರವಾಗಿಲ್ಲ, ಅದನ್ನು ತಿದ್ದಬಹುದು. ವರ್ನಿಯರ್ ಹಿಡಿಯುವುದನ್ನೇ ಮರೆತವನಿಗೆ ಹತ್ತು ನಿಮಿಷ ಹೇಳಿಕೊಟ್ಟು, ಒಂದು ತಾಸು ಶೆಡ್ಡಿನಲ್ಲಿ ನಿಲ್ಲಿಸಿ, ಮತ್ತೆ ಅದೇ ಶಾಫ್ಟು ಕೊಟ್ಟು ನೋಡುವುದೂ ನ್ಯಾಯವೇ. ಹೇಳಿಕೊಟ್ಟದ್ದು ಉಳಿದಿದೆಯೇ ಎಂಬುದು ಆಗ ತಿಳಿಯುತ್ತದೆ. ಆ ಒಂದು ತಾಸಿನಲ್ಲಿ ಅವನು ಮೊಬೈಲು ನೋಡುತ್ತಿದ್ದನೋ, ಚಕ್ಕಿನ ಕಡೆ ನೋಡುತ್ತಿದ್ದನೋ ಎಂಬುದೂ ತಿಳಿಯುತ್ತದೆ.

ಆರಿಸಿದವರಿಗೆ ಅದೇ ದಿನ ಹೇಳಬೇಕು, ಉಳಿದವರಿಗೆ ಇಲ್ಲ ಎಂಬುದನ್ನೂ ಅದೇ ವಾರ ಫೋನ್ ಮಾಡಿ ಹೇಳಬೇಕು. ಅವರಲ್ಲಿ ಎರಡನೆಯವನ ನಂಬರನ್ನು ಮಾಲೀಕರು ಜೋಪಾನ ಮಾಡುವುದು ಒಳ್ಳೆಯದು: ಮೊದಲ ಹದಿನೈದು ದಿನಗಳಲ್ಲಿ ಬಿಡುವವರು ಎಲ್ಲ ಕಡೆ ಇರುತ್ತಾರೆ, ಆಗ ಹೊಸ ಚೀಟಿ ಬರೆಯುವ ಬದಲು ಅವನಿಗೆ ಫೋನ್ ಮಾಡಬಹುದು. ಸೇರಿದವನ ಜೊತೆ ಒಪ್ಪಂದಕ್ಕೆ ಸಹಿ ಆಗುವಾಗ ಚೀಟಿಯ ಒಂದು ಪ್ರತಿಯನ್ನು ಅದಕ್ಕೆ ಲಗತ್ತಿಸಬೇಕು, ಇನ್ನೊಂದನ್ನು ಅವನ ಲೇತಿನ ಪಕ್ಕದ ಗೋಡೆಗೆ ಅಂಟಿಸಬೇಕು. ಐದನೇ ತಿಂಗಳು ಬಂದರೂ ಟೂಲ್ ಗ್ರೈಂಡಿಂಗ್ ಶುರುವಾಗದಿದ್ದರೆ, ಅದನ್ನು ತೋರಿಸಿ ಕೇಳಲು ಹುಡುಗನಿಗೆ ಅವಕಾಶ ಇರಬೇಕು.